ವಿಷಯ: ನಿಮ್ಮ ರಜೆ ಅರ್ಜಿ – ಫೆಬ್ರವರಿ 9ರಿಂದ 17ರವರೆಗೆ ಮಂಜೂರು

2 ಫೆಬ್ರವರಿ 2026

ಸುಮಾ ಅವರೇ,

ತಂಗಿ ಮದುವೆ ಗೊತ್ತಾಗಿದ್ದು ಕೇಳಿ ಖುಷಿಯಾಯಿತು. ನೀವು 9ರಿಂದ 20ರವರೆಗೆ ರಜೆ ಕೇಳಿದ್ದೀರಿ. 17ರ ಮಂಗಳವಾರದವರೆಗೆ ಕೊಡುತ್ತಿದ್ದೇನೆ. ನಡುವಿನ ಭಾನುವಾರ ಬಿಟ್ಟರೆ 8 ದಿನ, ನಿಮ್ಮ ಇಎಲ್‌ನಿಂದ ಕಳೆಯುತ್ತಾರೆ. ಮದುವೆ ಮುಗಿದ ಮೇಲೂ ಮನೆಯಲ್ಲಿ ಕೆಲಸ ಜಾಸ್ತಿನೇ ಇರುತ್ತದೆ, ಗೊತ್ತು. ಆದರೆ 20ಕ್ಕೆ ಜಿಎಸ್‌ಟಿಆರ್-3ಬಿ ಕೊನೆಯ ದಿನ. 2ಬಿ ಬರುವುದೇ 14ಕ್ಕೆ. ಅದನ್ನು ಖರೀದಿ ಬಿಲ್‌ಗಳ ಜೊತೆ ತಾಳೆ ನೋಡಿ, ಯಾವ ಸಪ್ಲೈಯರ್ ಬಿಲ್ ಹಾಕಿಲ್ಲ ಅಂತ ಹಿಡಿಯುವುದು ನಮ್ಮಲ್ಲಿ ನಿಮಗೆ ಬಂದಷ್ಟು ಬೇರೆ ಯಾರಿಗೂ ಬರುವುದಿಲ್ಲ. ಹಾಗಾಗಿ 18ರ ಬುಧವಾರ ನೀವು ಸೀಟಿನಲ್ಲಿ ಇರಲೇಬೇಕು.

ಹೊರಡುವ ಮುಂಚೆ, ಅಂದರೆ 7ರ ಶನಿವಾರ ಸಂಜೆಯೊಳಗೆ, ಜನವರಿಯ ಟಿಡಿಎಸ್ ಕಟ್ಟಿರಬೇಕು. ಜಿಎಸ್‌ಟಿಆರ್-1ಕ್ಕೆ 11ರವರೆಗೆ ಸಮಯ ಇದ್ದರೂ ನೀವೇ ಫೈಲ್ ಮಾಡಿ ಹೋಗಿ. ಪಿಎಫ್, ಇಎಸ್‌ಐ ಚಲನ್ ಸಿದ್ಧ ಮಾಡಿಟ್ಟರೆ ಸಾಕು, 15 ಭಾನುವಾರ ಆದ್ದರಿಂದ ಮಂಜುನಾಥ್ 13ಕ್ಕೇ ಕಟ್ಟುತ್ತಾರೆ. ಉಳಿದ ಕೆಲಸವೂ ಅವರಿಗೇ. ಗುರುವಾರ, ಶುಕ್ರವಾರ ಮಧ್ಯಾಹ್ನದ ಮೇಲೆ ಅವರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಬಾಕಿ ಪೇಮೆಂಟ್‌ಗಳದ್ದೊಂದು ಶೀಟ್ ಮಾಡಿ ನನಗೂ ಮೇಲ್ ಹಾಕಿ. ಟ್ಯಾಲಿ ಬ್ಯಾಕಪ್ ತೆಗೆದಿಡಿ. ಡಿಜಿಟಲ್ ಸಿಗ್ನೇಚರ್ ಟೋಕನ್ ನನ್ನ ಕೈಗೆ ಕೊಡಿ, ಡ್ರಾಯರ್‌ನಲ್ಲಿ ಬಿಡಬೇಡಿ. ಬ್ಯಾಂಕಿನ ಪಾಸ್‌ವರ್ಡ್ ಮಾತ್ರ ಮಂಜುನಾಥ್‌ಗೂ ಹೇಳಬಾರದು. ಅವರಿಗೆ ಬೇರೆ ಐಡಿ ಕೊಡಿ ಅಂತ ಬ್ಯಾಂಕಿಗೆ ಬರೆದಿದ್ದೇನೆ.

ಫೋನ್ ವಿಷಯ. ಶಿರಸಿ ಪೇಟೆ ದಾಟಿದರೆ ನಿಮ್ಮೂರಲ್ಲಿ ನೆಟ್‌ವರ್ಕ್ ಸಿಗಲ್ಲ ಅಂತ ನೀವೇ ಹೇಳಿದ್ದಿರಿ. ಇಡೀ ದಿನ ಫೋನ್ ಹಿಡಿದುಕೊಂಡು ಕೂರಿ ಅಂತ ನಾನು ಹೇಳಲ್ಲ. ಸಂಜೆ 6ರಿಂದ 6:30ರ ನಡುವೆ ಒಮ್ಮೆ ವಾಟ್ಸಾಪ್ ನೋಡಿ, ಏನಾದರೂ ಕೇಳಿದ್ದರೆ ಉತ್ತರಿಸಿ. ಮನೆಯ ಲ್ಯಾಂಡ್‌ಲೈನ್ ನಂಬರ್ ನನಗೊಬ್ಬನಿಗೇ ಕೊಟ್ಟಿರಿ, ತೀರಾ ತುರ್ತು ಇದ್ದರಷ್ಟೇ ಮಾಡುತ್ತೇನೆ. 11ಕ್ಕೆ ದೇವರ ಕಾರ್ಯ, 12ಕ್ಕೆ ಮದುವೆ ಅಲ್ವಾ? ಆ ಎರಡು ದಿನ ಆಫೀಸಿನಿಂದ ಯಾರೂ ಫೋನ್ ಮಾಡಕೂಡದು ಅಂತ ಎಲ್ಲರಿಗೂ ಹೇಳಿದ್ದೇನೆ. ಡಿಸ್ಪ್ಯಾಚ್‌ನವರಿಗೆ ಎರಡು ಸಲ ಹೇಳಿದ್ದೇನೆ.

17ರ ರಾತ್ರಿ ಬಸ್ಸಿಗೆ ಈಗಲೇ ಟಿಕೆಟ್ ಮಾಡಿಸಿಬಿಡಿ. 18ರ ಬೆಳಿಗ್ಗೆ ಬಸ್ ತಡವಾದರೆ 11 ಗಂಟೆಗೆ ಬಂದರೂ ನಡೆಯುತ್ತದೆ. ರಜೆ ಮುಂದುವರಿಸಲೇಬೇಕಾದ ಸಂದರ್ಭ ಬಂದರೆ 16ರ ಮಧ್ಯಾಹ್ನದೊಳಗೆ ನನಗೆ ತಿಳಿಸಿ, ಮಾತಾಡೋಣ. ಹೇಳದೆ ಉಳಿದರೆ ಎಚ್‌ಆರ್‌ನವರು ಸಂಬಳ ಇಲ್ಲದ ರಜೆ ಹಾಕುತ್ತಾರೆ, ಆಮೇಲೆ ಅದನ್ನು ತೆಗೆಸುವುದು ನನ್ನ ಕೈಯಲ್ಲೂ ಇಲ್ಲ.

ಇದಕ್ಕೆಲ್ಲ ಒಪ್ಪಿಗೆ ಇದ್ದರೆ ಈ ಮೇಲ್‌ಗೆ ನಾಳೆಯೊಳಗೆ ಉತ್ತರ ಹಾಕಿ. ಎಚ್‌ಆರ್‌ಗೆ ಆಗಲೇ ಕಳಿಸುತ್ತೇನೆ.

ಪ್ರಕಾಶ್
ಅಕೌಂಟ್ಸ್ ಮ್ಯಾನೇಜರ್

ಪ್ರತಿ: ಮಂಜುನಾಥ್