ನೀವು ಕೊಟ್ಟ ದುಡ್ಡಿನಿಂದ ಏನಾಗುತ್ತದೆ, ಏನಾಗುವುದಿಲ್ಲ

ಸ್ಲೈಡ್ 1

ನಮಗೆ ಕೊಟ್ಟ ದುಡ್ಡು ಏನಾಗುತ್ತದೆ?

ಹತ್ತಿರದ್ದು ಸರಿಯಾಗಿ ಕಾಣದವರಿಗೆ ಶಿಬಿರ ಮಾಡಿ, ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವುದು ನಮ್ಮ ಕೆಲಸ. ಹಾಗಾಗಿ ಒಂದಷ್ಟು ಕನ್ನಡಕ ಆಗುತ್ತದೆ. ಉಳಿದದ್ದು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ಹೇಳುತ್ತೇವೆ. ಪಕ್ಕಕ್ಕೆ ಸರಿಸುತ್ತಾ ಹೋಗಿ.

ಸ್ಲೈಡ್ 2

ಚಾಳೀಸು ಯಾರನ್ನೂ ಬಿಡುವುದಿಲ್ಲ

ನಲವತ್ತು ದಾಟುತ್ತಿದ್ದ ಹಾಗೆ ಕಣ್ಣೊಳಗಿನ ಮಸೂರ ಗಡುಸಾಗುತ್ತಾ ಬರುತ್ತದೆ. ಹತ್ತಿರದ್ದನ್ನು ನೋಡಲು ಅದು ಬೇಕಾದಷ್ಟು ಆಕಾರ ಬದಲಿಸುವುದಿಲ್ಲ. ಫೋನನ್ನು ಕೈ ಚಾಚಿ ದೂರ ಹಿಡಿದು ಓದುವುದು ಅದಕ್ಕೇ. ಇದು ಕಾಯಿಲೆಯಲ್ಲ, ವಯಸ್ಸು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ, ಸರಿಯಾದ ಕನ್ನಡಕ ಇಲ್ಲದೆ ಚಾಳೀಸಿನಿಂದ ತೊಂದರೆ ಪಡುವವರು ಜಗತ್ತಿನಲ್ಲಿ ಸುಮಾರು 82.6 ಕೋಟಿ ಜನ. ನಿಮ್ಮನ್ನು ಗಾಬರಿ ಮಾಡೋಕೆ ಈ ಸಂಖ್ಯೆ ಹಾಕಿಲ್ಲ. ನಾವು ಮುಟ್ಟುವುದು ಇದರಲ್ಲಿ ತೀರಾ ಸ್ವಲ್ಪ ಜನರನ್ನು, ಅದು ನಿಮಗೆ ಗೊತ್ತಿರಲಿ.

ಸ್ಲೈಡ್ 3

ಶಿಬಿರದಲ್ಲಿ ನಡೆಯುವುದು ಹೀಗೆ

40 ಸೆಂಟಿಮೀಟರ್ ದೂರದಲ್ಲಿ ಅಕ್ಷರದ ಚಾರ್ಟ್ ಹಿಡಿಯುತ್ತೇವೆ. +1.00 ಪವರಿನಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಏರಿಸುತ್ತೇವೆ. ಆಮೇಲೆ ಚಾರ್ಟ್ ಪಕ್ಕಕ್ಕಿಟ್ಟು ಅವರವರ ಕೆಲಸವನ್ನೇ ಮಾಡಿಸಿ ನೋಡುತ್ತೇವೆ, ಯಾಕೆಂದರೆ ಚಾರ್ಟ್ ಓದುವುದು ಯಾರ ಕೆಲಸವೂ ಅಲ್ಲ.

ಕಳೆದ ಶಿಬಿರಕ್ಕೆ ಬಟ್ಟೆ ಹೊಲಿಯುವ ಒಬ್ಬ ಅಕ್ಕ ಬಂದಿದ್ದರು. +2.00 ಹಾಕಿದಾಗ ಚಾರ್ಟಿನ ಕೊನೆಯ ಸಾಲೂ ಓದಿದರು, ಸೂಜಿಗೆ ದಾರವನ್ನೂ ಪೋಣಿಸಿದರು. ಆದರೆ ಹೊಲಿಗೆ ಮಷಿನ್ ಮುಂದೆ ಕೂರಿಸಿದರೆ ಹೊಲಿಗೆಯ ಗೆರೆ ಮಸುಕು, ನೋಡಬೇಕಾದರೆ ಬಗ್ಗಬೇಕು. ಮಷಿನ್ ಕಣ್ಣಿನಿಂದ ಇನ್ನಷ್ಟು ದೂರ ಇರುತ್ತದೆ ಅಲ್ವಾ, ಅದಕ್ಕೆ ಪವರ್ ಕಡಿಮೆ ಸಾಕು. +1.50 ಹಾಕಿದ ಮೇಲೆ ಬೆನ್ನು ನೇರ ಮಾಡಿಕೊಂಡು ಒಂದು ತುಂಡು ಹೊಲಿದು ತೋರಿಸಿದರು.

ಈ ಹತ್ತು ನಿಮಿಷದ ಕೆಲಸಕ್ಕೂ ನಿಮ್ಮ ದುಡ್ಡು ಹೋಗುತ್ತದೆ. ಕನ್ನಡಕಕ್ಕಿಂತ ಇದೇ ಮುಖ್ಯ ಅಂತ ನಮಗೆ ಅನಿಸುತ್ತದೆ.

ಸ್ಲೈಡ್ 4

ಆ ಶಿಬಿರದ ಪೂರ್ತಿ ಲೆಕ್ಕ

ಬಂದವರು 64.

ಅಲ್ಲೇ ಕನ್ನಡಕ ಪಡೆದವರು 41.

ಎರಡು ಕಣ್ಣಿಗೂ ಬೇರೆ ಬೇರೆ ಪವರ್ ಇರುವವರು 9. ರೆಡಿಮೇಡ್ ಕನ್ನಡಕದಲ್ಲಿ ಎರಡೂ ಕಡೆ ಒಂದೇ ಪವರ್ ಇರುತ್ತದೆ, ಅದು ಇವರಿಗೆ ಸರಿಹೋಗುವುದಿಲ್ಲ. ಮಾಡಿಸಿ ಕೊಡಬೇಕು. ಅದಕ್ಕೆ ಜಾಸ್ತಿ ಖರ್ಚು, ಜಾಸ್ತಿ ದಿನ.

ಕಣ್ಣಿನ ಪೊರೆ ಇರಬಹುದು ಅನಿಸಿ ಆಸ್ಪತ್ರೆಗೆ ಕಳಿಸಿದವರು 8. ನಾವು ಆಪರೇಷನ್ ಮಾಡುವುದಿಲ್ಲ, ಮಾಡಿಸುವುದೂ ಇಲ್ಲ. ಚೀಟಿ ಬರೆದುಕೊಟ್ಟು, ಆಮೇಲೆ ಫೋನ್ ಮಾಡಿ ಹೋದರಾ ಅಂತ ವಿಚಾರಿಸುತ್ತೇವೆ.

ಕನ್ನಡಕವೇ ಬೇಡದವರು 6. ಅವರಿಗೆ ಸುಮ್ನೆ ಒಂದು ಕೊಟ್ಟು ಕಳಿಸಿದ್ದರೆ ನಮ್ಮ ಸಂಖ್ಯೆ 47 ಆಗುತ್ತಿತ್ತು. ಅದರಿಂದ ಯಾರಿಗೂ ಉಪಯೋಗವಿಲ್ಲ.

ಸ್ಲೈಡ್ 5

ದುಡ್ಡು ಯಾವುದಕ್ಕೆಲ್ಲ ಹೋಗುತ್ತದೆ?

ಕಣ್ಣು ಪರೀಕ್ಷೆ ಮಾಡುವವರ ಸಂಬಳ. ಕನ್ನಡಕ, ಡಬ್ಬಿ, ಒರೆಸುವ ಬಟ್ಟೆ. ಓಡಾಟದ ಖರ್ಚು. ಆಮೇಲೆ ಮಾಡುವ ಫೋನ್, ಲೆಕ್ಕ ಬರೆಯುವುದು, ಆಡಿಟ್.

ಸಂಬಳ ಅಂದ ತಕ್ಷಣ ಕೆಲವರಿಗೆ ಇರುಸುಮುರುಸು ಆಗುತ್ತದೆ, ಗೊತ್ತು. ಆದರೆ ಪವರ್ ಸರಿಯಾಗಿ ಗುರುತಿಸುವವರು ಇಲ್ಲದಿದ್ದರೆ ನಾವು ಹಂಚುವುದು ಬರೀ ಗಾಜು. ತಲೆನೋವು ಬಂತು ಅಂತ ಎರಡೇ ದಿನಕ್ಕೆ ಅದು ಮೂಲೆ ಸೇರುತ್ತದೆ.

ಸ್ಲೈಡ್ 6

ನಿಮ್ಮ ದುಡ್ಡು ನೇರವಾಗಿ ಒಬ್ಬರ ಮೂಗಿನ ಮೇಲೆ ಕೂರುವುದಿಲ್ಲ

ಎಲ್ಲರ ದೇಣಿಗೆಯೂ ಒಂದೇ ಖಾತೆಗೆ ಬರುತ್ತದೆ. ಹಾಗಾಗಿ 'ನೀವು ಇವರಿಗೆ ಕನ್ನಡಕ ಕೊಟ್ಟಿರಿ' ಅಂತ ಒಂದು ಫೋಟೊ ಕಳಿಸಿದರೆ ಅದು ನಿಜವಾಗುವುದಿಲ್ಲ. ನಾವು ಕಳಿಸುವುದು ಮೂರು ತಿಂಗಳಿಗೊಮ್ಮೆ ಒಟ್ಟು ಲೆಕ್ಕ: ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು.

ಸ್ಲೈಡ್ 7

ಕನ್ನಡಕದಿಂದ ಗಳಿಕೆ ಹೆಚ್ಚುತ್ತದಾ?

ಹೆಚ್ಚಬಹುದು. ಇದರ ಬಗ್ಗೆ ಒಳ್ಳೆಯ ಅಧ್ಯಯನಗಳಿವೆ.

2018ರಲ್ಲಿ ಪ್ರಕಟವಾದ ಒಂದರಲ್ಲಿ, ಅಸ್ಸಾಮಿನ ಚಹಾ ತೋಟಗಳಲ್ಲಿ ಎಲೆ ಕೀಳುವ 751 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಎಲ್ಲರೂ ನಲವತ್ತು ದಾಟಿದವರು. ಒಂದು ಗುಂಪಿಗೆ ಕನ್ನಡಕ ಮೊದಲೇ ಸಿಕ್ಕಿತು, ಇನ್ನೊಂದಕ್ಕೆ ಅಧ್ಯಯನ ಮುಗಿದ ಮೇಲೆ. ಮೊದಲೇ ಸಿಕ್ಕವರು ದಿನಕ್ಕೆ ಕಿತ್ತ ಎಲೆಯಲ್ಲಿ ಸುಮಾರು ಶೇ. 22ರಷ್ಟು ಮುಂದಿದ್ದರು. 2024ರಲ್ಲಿ ಬಾಂಗ್ಲಾದೇಶದಿಂದ ಬಂದ ಇನ್ನೊಂದು ಅಧ್ಯಯನದಲ್ಲಿ ಕನ್ನಡಕ ಪಡೆದವರ ತಿಂಗಳ ಆದಾಯ ಎಂಟು ತಿಂಗಳಲ್ಲಿ ಮೂರನೇ ಒಂದರಷ್ಟು ಜಾಸ್ತಿ ಕಂಡಿತು.

ಓದಿ ನಮಗೂ ಖುಷಿಯಾಯಿತು. ಆದರೆ ಅವು ಅಲ್ಲಿನ ಕೆಲಸ, ಅಲ್ಲಿನ ಜನರ ಸಂಖ್ಯೆಗಳು. ನಮ್ಮ ಶಿಬಿರಕ್ಕೆ ಬರುವವರ ಗಳಿಕೆಯನ್ನು ನಾವು ಅಳೆದಿಲ್ಲ, ಹಾಗಾಗಿ ಆ ಸಂಖ್ಯೆಯನ್ನು ನಮ್ಮ ಸಾಧನೆ ಅಂತ ಹಾಕಿಕೊಳ್ಳುವುದಿಲ್ಲ. ಬಂದವರಲ್ಲಿ ಕೆಲವರು ಇವತ್ತಲ್ಲ ನಾಳೆ ತಾವೇ ಕನ್ನಡಕ ಕೊಳ್ಳುತ್ತಿದ್ದರು ಅನ್ನುವುದನ್ನೂ ನೆನಪಲ್ಲಿ ಇಟ್ಟುಕೊಳ್ಳಬೇಕು.

ಸ್ಲೈಡ್ 8

ಕೊಟ್ಟ ಮೇಲೆ?

ಮೂರು ತಿಂಗಳಿಗೆ ಫೋನ್ ಮಾಡಿ ಕೇಳುತ್ತೇವೆ. ಜಾಸ್ತಿ ಜನ ಹಾಕಿಕೊಳ್ಳುತ್ತಿರುತ್ತಾರೆ. ಕೆಲವರದು ಮುರಿದಿರುತ್ತದೆ, ಕೆಲವರದು ಕಳೆದಿರುತ್ತದೆ, ಇನ್ನು ಕೆಲವರದು ಡಬ್ಬಿಯಲ್ಲೇ ಇರುತ್ತದೆ. ಮುರಿದದ್ದನ್ನು ಬದಲಿಸಿ ಕೊಡುತ್ತೇವೆ. ಅರವತ್ತರ ಆಸುಪಾಸಿನವರೆಗೂ ಪವರ್ ಏರುತ್ತಾ ಹೋಗುವುದರಿಂದ ಕೆಲವು ವರ್ಷಕ್ಕೆ ಮತ್ತೆ ಪರೀಕ್ಷೆ ಬೇಕು, ಹೊಸ ಕನ್ನಡಕ ಬೇಕು. ಒಂದು ಸಲ ಕೊಟ್ಟು ಕೈ ತೊಳೆದುಕೊಳ್ಳುವ ಕೆಲಸ ಇದಲ್ಲ.

ಸ್ಲೈಡ್ 9

ನಮ್ಮ ಪೋಸ್ಟ್‌ಗಳಲ್ಲಿ ಕಾಣದ ಕೆಲವು ಮಾತು

'ನೀವು ಕೊಡದಿದ್ದರೆ ಇವರ ಗತಿ ಏನು?'

'ಒಂದು ಕಾಫಿ ಬಿಟ್ಟರೆ ಒಂದು ಬದುಕು ಬದಲಾಗುತ್ತದೆ.'

'ಇವತ್ತೇ ಕೊನೆಯ ದಿನ!'

ಬರುವವರು ಅಳುತ್ತಾ ಬರುವುದಿಲ್ಲ. ಮಾತ್ರೆ ಪಟ್ಟಿಯ ಹಿಂಬದಿಯ ತಾರೀಖು ಓದಬೇಕು, ಕೆಲಸ ಸಲೀಸಾಗಬೇಕು ಅಂತ ಬರುತ್ತಾರೆ. ಅವರನ್ನು ಪಾಪದವರ ಹಾಗೆ ತೋರಿಸಿ ದುಡ್ಡು ಎತ್ತುವುದು ನಮಗೆ ಬೇಡ. ಒಪ್ಪಿಗೆ ಇಲ್ಲದೆ ಯಾರ ಮುಖವನ್ನೂ ಹಾಕುವುದಿಲ್ಲ.

ಸ್ಲೈಡ್ 10

ಕೊಡಬೇಕು ಅನಿಸಿದರೆ

ಒಂದೇ ಸಲ ಕೊಡಬಹುದು, ತಿಂಗಳು ತಿಂಗಳು ಕೊಡಬಹುದು. ತಿಂಗಳ ದೇಣಿಗೆ ಬಂದರೆ ಮುಂದಿನ ಶಿಬಿರಕ್ಕೆ ಎಷ್ಟು ಕನ್ನಡಕ ತರಿಸಬಹುದು ಅಂತ ಮೊದಲೇ ಗೊತ್ತಾಗುತ್ತದೆ, ನಮಗೆ ಅಷ್ಟು ಅನುಕೂಲ. ಬೇಡ ಅನಿಸಿದ ದಿನ ನೀವೇ ನಿಲ್ಲಿಸಬಹುದು, ಯಾಕೆ ಅಂತ ಕೇಳಲು ಯಾರೂ ಫೋನ್ ಮಾಡುವುದಿಲ್ಲ.

ಕೈ ಬಿಗಿಯಾಗಿದ್ದರೆ ಕೊಡಬೇಡಿ. ನಿಮ್ಮ ಮನೆಯಲ್ಲಿ ಫೋನನ್ನು ದೂರ ಹಿಡಿದು ಓದುವವರಿದ್ದರೆ ಮೊದಲು ಅವರ ಕಣ್ಣು ತೋರಿಸಿ.

ಕ್ಯಾಪ್ಷನ್

ದೇಣಿಗೆ ಎಲ್ಲಿಗೆ ಹೋಗುತ್ತದೆ ಅಂತ ಇನ್‌ಬಾಕ್ಸಿನಲ್ಲಿ ತುಂಬಾ ಜನ ಕೇಳುತ್ತಿದ್ದೀರಿ. ಕೇಳಲೇಬೇಕಾದ ಪ್ರಶ್ನೆ ಅದು. ಸ್ಲೈಡುಗಳಲ್ಲಿ ಹಿಡಿಸಿದಷ್ಟು ಬರೆದಿದ್ದೇವೆ. ಆಡಿಟ್ ಆದ ಲೆಕ್ಕಪತ್ರ ಮತ್ತು ದೇಣಿಗೆಯ ಪುಟ ಎರಡೂ ಬಯೋದಲ್ಲಿರುವ ಲಿಂಕಿನಲ್ಲಿವೆ, ಲೆಕ್ಕಪತ್ರವನ್ನು ಬೇಕೆಂದೇ ಮೇಲೆ ಇಟ್ಟಿದ್ದೇವೆ. ಓದಿದ ಮೇಲೆ ಯಾವುದಾದರೂ ಖರ್ಚು ಅರ್ಥವಾಗದಿದ್ದರೆ ಕೆಳಗೆ ಕೇಳಿ, ಲೆಕ್ಕ ನೋಡಿಕೊಳ್ಳುವವರೇ ಉತ್ತರ ಬರೆಯುತ್ತಾರೆ. ಆಸ್ಪತ್ರೆಗೆ ಕಳಿಸಿದ 8 ಜನರಲ್ಲಿ ಎಷ್ಟು ಮಂದಿ ಹೋಗಿ ತೋರಿಸಿಕೊಂಡರು ಅನ್ನುವುದನ್ನು ಮುಂದಿನ ಲೆಕ್ಕದ ಜೊತೆ ಹಾಕುತ್ತೇವೆ.