ಮಗಳ ಮದುವೆಯಲ್ಲಿ ಅಪ್ಪನ ನಾಲ್ಕು ಮಾತು

ಎಲ್ಲರಿಗೂ ನಮಸ್ಕಾರ. ನಾಲ್ಕು ನಿಮಿಷಕ್ಕಿಂತ ಹೆಚ್ಚು ಮಾತಾಡಬಾರದು ಎಂದು ಮನೆಯಿಂದ ಕಟ್ಟಪ್ಪಣೆಯಾಗಿದೆ. ವಾಚು ಅವಳ ಕೈಯಲ್ಲೇ ಇದೆ.

ಮಂಗಳೂರಿನಿಂದ ದಿಬ್ಬಣ ತಂದ ಬೀಗರಿಗೆ ಮೊದಲ ವಂದನೆ. ನಂತೂರು, ಸುರತ್ಕಲ್ ಎಲ್ಲ ದಾಟಿ ಮುಹೂರ್ತಕ್ಕೆ ಮೊದಲೇ ಉಡುಪಿ ಮುಟ್ಟಿದಿರಿ. ಸಣ್ಣ ಸಾಧನೆಯಲ್ಲ ಮಾರಾಯ್ರೆ!

ನಾನು ಸಿಂಡಿಕೇಟ್ ಬ್ಯಾಂಕಿನವನು. 1925ರಲ್ಲಿ ಇದೇ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು. 2020ರ ಏಪ್ರಿಲ್ 1ಕ್ಕೆ, ಮಂಗಳೂರಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನೊಟ್ಟಿಗೆ ವಿಲೀನವಾಯಿತು. ಬೋರ್ಡು ಬದಲಾಯಿತು, ಪಾಸ್‌ಬುಕ್ಕು ಬದಲಾಯಿತು, ನನ್ನನ್ನು ಯಾರೂ ಕೇಳಲಿಲ್ಲ. ಇವತ್ತು ಉಡುಪಿಯಿಂದ ಮಂಗಳೂರಿಗೆ ಎರಡನೇ ವಿಲೀನ. ಈ ಸಲವೂ ಕೇಳಲಿಲ್ಲ! ಇಬ್ಬರೂ ಒಪ್ಪಿಕೊಂಡು ಬಂದು ನಮಗೆ ಸುದ್ದಿ ಮುಟ್ಟಿಸಿದರು. ಒಂದೇ ವ್ಯತ್ಯಾಸ, ಈ ಸಲ ಹಳೇ ಹೆಸರು ಹಾಗೇ ಉಳಿಯುತ್ತದಂತೆ. ಶ್ರಾವ್ಯಾ ಹೇಳಿದಳು, ಕಾರ್ತಿಕ್ "ಅದರಲ್ಲಿ ಕೇಳುವುದೆಂತ?" ಎಂದರು. ನನಗೆ ಅಳಿಯಂದಿರು ಹಿಡಿಸಿದ್ದು ಅಲ್ಲೇ.

ಇವಳು ಒಂದನೇ ಕ್ಲಾಸಲ್ಲಿದ್ದಾಗ ಪಿಗ್ಮಿಯವರಿಗಾಗಿ ಸಂಜೆ ಜಗಲಿಯಲ್ಲಿ ಕಾದು ಕೂರುತ್ತಿದ್ದಳು. ಎರಡು ರೂಪಾಯಿ ಕೊಟ್ಟು, ರಶೀದಿ ಇಸಕೊಂಡು, ಅದನ್ನು ಪೌಡರ್ ಡಬ್ಬಿಯಲ್ಲಿ ತುರುಕುವುದು. ಯಾತಕ್ಕೆ ಎಂದರೆ ಗುಟ್ಟು. ಅಷ್ಟಮಿ ಹತ್ತಿರ ಬಂದಾಗ ಬಾಯಿ ಬಿಟ್ಟಳು: ಹುಲಿವೇಷ ಹಾಕಬೇಕಂತೆ! "ಹೆಣ್ಣು ಹುಡುಗಿ ಹುಲಿಯಾ?" ಎಂದರು ನನ್ನಮ್ಮ. "ಕಾಡಲ್ಲಿ ಹೆಣ್ಣು ಹುಲಿ ಇಲ್ವಾ ಅಜ್ಜಿ?" ಅಮ್ಮನ ಬಾಯಿ ಬಂದ್. ವಿಟ್ಲಪಿಂಡಿಯ ದಿನ ರಥಬೀದಿಯಲ್ಲಿ ತಾಸೆಯ ಪೆಟ್ಟಿಗೆ ಕುಣಿದದ್ದೇ ಕುಣಿದದ್ದು. ರಾತ್ರಿ ಇವಳಮ್ಮ ಮೊದಲು ಸೀಮೆಎಣ್ಣೆ, ಮತ್ತೆ ತೆಂಗಿನೆಣ್ಣೆ ಹಾಕಿ ತಿಕ್ಕಿದರೂ ಕಿವಿಯ ಹಿಂದಿನ ಬಣ್ಣ ದೀಪಾವಳಿವರೆಗೂ ಬಿಡಲಿಲ್ಲ. ಕಾರ್ತಿಕ್, ಮುಖದ ಮೇಲಿನ ಅರಿಶಿನ ನಿನ್ನೆಯದ್ದು. ಒಳಗಿನ ಪಟ್ಟೆ ಹಳೆಯದ್ದು, ನೋಡಿಕೊಳ್ಳಿ!

ಇವಳಮ್ಮ ಬೆಳಿಗ್ಗೆಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ನನ್ನದು ಹೋಮದ ಹೊಗೆ ಎಂದು ಎಲ್ಲರಿಗೂ ಹೇಳಿದ್ದೇನೆ, ನೀವೂ ಹಾಗೇ ನಂಬಿ.

ಬೀಗರೇ, ಇವಳಿಗೆ ಅಡುಗೆ ಸಾಧಾರಣ ಬರುತ್ತದೆ, ಸುಳ್ಳು ಹೇಳಲು ಬರುವುದಿಲ್ಲ. ಚಹಾ ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದೇ ಹೇಳುತ್ತಾಳೆ. ಬೇಸರ ಮಾಡಿಕೊಳ್ಳಬೇಡಿ, ನಮಗೆ ಅಭ್ಯಾಸವಾಗಿದೆ, ನಿಮಗೂ ಆಗುತ್ತದೆ.

ಮಕ್ಕಳೇ, ಕ್ಯಾಶ್ ತಾಳೆಯಾಗದೆ ನಾವು ಯಾವತ್ತೂ ಬ್ಯಾಂಕಿನಿಂದ ಮನೆಗೆ ಹೊರಟವರಲ್ಲ. ನೀವೂ ಆಯಾ ದಿನದ ಜಗಳ ಆಯಾ ದಿನವೇ ಮುಗಿಸಿ, ಮರುದಿನಕ್ಕೆ ಬಾಕಿ ಎಳೆಯಬೇಡಿ. ಶ್ರಾವ್ಯಾ, ಮಗಾ, ತವರಿಗೆ ಬರಲು ನಿನಗೆ ಹಬ್ಬವೂ ಬೇಡ, ಕಾರಣವೂ ಬೇಡ. ಕೃಷ್ಣ ದೇವರು ಇಬ್ಬರಿಗೂ ಆಯಸ್ಸು, ಆರೋಗ್ಯ, ನಗು ಕೊಡಲಿ. ನೂರು ಕಾಲ ಸುಖವಾಗಿ ಬಾಳಿ.

ಎಲ್ಲರೂ ಊಟಕ್ಕೆ ಏಳಿ. ಮಟ್ಟುಗುಳ್ಳದ ಕೊದ್ದೆಲು ಇದೆ, ಹೋಳಿಗೆ ಇದೆ. ಮೊದಲ ಪಂಕ್ತಿ ಮಂಗಳೂರಿನವರದ್ದು.