ಫ್ರೇಮ್ 4: ಸಿಗ್ನಲ್ ಹಸಿರಾಗುವ ಹೊತ್ತು

ಎಲೆಕ್ಟ್ರಿಕ್ ಸ್ಕೂಟರ್ ಜಾಹೀರಾತಿನ ಒಟ್ಟು ಅವಧಿ: 30 ಸೆಕೆಂಡ್
ಈ ಫ್ರೇಮ್: 9ರಿಂದ 14ನೇ ಸೆಕೆಂಡ್
ಶಾಟ್: ಲೋ ಆಂಗಲ್, 85 ಎಂಎಂ ಲೆನ್ಸ್. ಕ್ಯಾಮೆರಾ ಸ್ಕೂಟರಿನ ಹಿಂದೆ, ಹಿಂದಿನ ಚಕ್ರದ ಎತ್ತರದಲ್ಲಿ. ಕೊನೆಯವರೆಗೂ ಅಲುಗಾಡಬಾರದು.

ಚಿತ್ರ: ಸಂಜೆ, ಆಫೀಸ್ ಬಿಡುವ ಹೊತ್ತು. ಎದುರಿನಿಂದ ಓರೆ ಬಿಸಿಲು. ರಸ್ತೆ ತುಂಬ ವಾಹನ. ಬಲಗಡೆ ಒಂದು ಬಸ್ಸು, ಅದರ ಪಕ್ಕ ಕಾರುಗಳು, ಮಧ್ಯದಲ್ಲಿ ಒಂದು ಬೈಕು. ನಮ್ಮ ತಿಳಿ ಹಳದಿ ಸ್ಕೂಟರ್ ಫ್ರೇಮಿನ ಎಡಭಾಗದಲ್ಲಿದೆ. ಮುಂದಿನ ಚಕ್ರ ಸ್ಟಾಪ್ ಲೈನಿನ ಹಿಂದೆಯೇ ನಿಂತಿರಲಿ. ಓಡಿಸುವವಳಿಗೆ ಮೂವತ್ತರ ಆಸುಪಾಸು. ಬೆನ್ನಿಗೆ ಬ್ಯಾಗು, ತಲೆಗೆ ಹೆಲ್ಮೆಟ್, ಪಟ್ಟಿ ಬಿಗಿಯಾಗಿ ಹಾಕಿದ್ದಾಳೆ. ಒಂದು ಕಾಲು ನೆಲಕ್ಕೆ.

ಇಲ್ಲಿ ನಿಜವಾಗಿ ನೋಡಬೇಕಾದದ್ದು ಗಾಳಿಯನ್ನು. ಬೈಕಿನ ಸೈಲೆನ್ಸರ್ ಬಾಯಿ ಸಣ್ಣಗೆ ನಡುಗುತ್ತಿದೆ, ಅಂಚಿಗೆ ಮಸಿ ಹಿಡಿದಿದೆ. ಅದರಿಂದ ಬರುವ ಬಿಸಿ ಗಾಳಿಯಲ್ಲಿ ಬೈಕಿನ ನಂಬರ್ ಪ್ಲೇಟು, ಮುಂದಿನ ಜೀಬ್ರಾ ಪಟ್ಟೆಗಳು ನೀರಿನಲ್ಲಿ ಕಂಡ ಹಾಗೆ ತೇಲಾಡುತ್ತಿವೆ. ಸ್ಕೂಟರಿನ ಹಿಂದೆ ಹಾಗಿಲ್ಲ. ಅದಕ್ಕೆ ಸೈಲೆನ್ಸರೇ ಇಲ್ಲವಲ್ಲ! ಹಿಂದಿನ ಚಕ್ರದ ನಡುವೆ ಮೋಟಾರಿನ ದುಂಡು ಮುಚ್ಚಳ, ಅದರ ಪಕ್ಕದಲ್ಲೇ ಅದೇ ಜೀಬ್ರಾ ಪಟ್ಟೆಗಳು, ಗೆರೆ ಎಳೆದಷ್ಟು ನೇರ. ಈ ವ್ಯತ್ಯಾಸ ಕಂಡರೆ ಫ್ರೇಮ್ ಗೆದ್ದ ಹಾಗೆ.

ಬೋರ್ಡ್ ಬಿಡಿಸುವವರಿಗೆ: ದಯವಿಟ್ಟು ಕಪ್ಪು ಹೊಗೆಯ ಮೋಡ ಹಾಕಬೇಡಿ. ಬೈಕಿನವನೂ ದಿನವಿಡೀ ದುಡಿದು ಮನೆಗೆ ಹೊರಟವನೇ, ಅವನನ್ನು ಕೆಟ್ಟವನಾಗಿ ತೋರಿಸುವುದು ಬೇಡ. ಪೆನ್ಸಿಲಿನಲ್ಲಿ ನಾಲ್ಕು ಅಲೆ ಗೆರೆ ಸಾಕು. ಮೊದಲ ಡ್ರಾಫ್ಟಿನಲ್ಲಿದ್ದ ಹಾರುವ ಎಲೆ, ಮಿಂಚು ಎರಡನ್ನೂ ತೆಗೆದಿದ್ದೇನೆ. ಅವು ಎಲ್ಲ ಜಾಹೀರಾತಲ್ಲೂ ಇರುತ್ತವೆ, ಅಲ್ವಾ?

ಚಲನೆ: 11ನೇ ಸೆಕೆಂಡಿಗೆ ಸಿಗ್ನಲ್ ಹಸಿರು. ಕಾಲು ಮೇಲೇಳುತ್ತದೆ. ಸ್ಕೂಟರ್ ಎಲ್ಲರಿಗಿಂತ ಅರ್ಧ ಗಾಡಿಯಷ್ಟು ಮುಂದೆ ಸರಿಯುತ್ತದೆ, ಅಷ್ಟೇ. ಎಲೆಕ್ಟ್ರಿಕ್ ಮೋಟಾರಿಗೆ ನಿಂತಲ್ಲಿಂದಲೇ ಎಳೆಯುವ ಶಕ್ತಿ ಇರುತ್ತದೆ, ಗೇರು ಕ್ಲಚ್ಚುಗಳ ಗೋಜಿಲ್ಲ. ಅದನ್ನು ಹೇಳಲು ಇಷ್ಟು ಅಂತರ ಸಾಕು. ರೇಸಿನ ಹಾಗೆ ಕಾಣಲೇಬಾರದು.

ಸೌಂಡ್: ಮೊದಲ ಎರಡು ಸೆಕೆಂಡ್ ಹಾರ್ನ್, ಇಂಜಿನ್, ಬಸ್ಸಿನ ಗುರುಗುಟ್ಟುವಿಕೆ, ಸ್ವಲ್ಪ ಜಾಸ್ತಿಯೇ ಇರಲಿ. ಆಕ್ಸಿಲರೇಟರ್ ತಿರುಗಿದ ಕೂಡಲೇ ಅದೆಲ್ಲ ಹಿಂದಕ್ಕೆ ಸರಿಯಬೇಕು. ಪೂರ್ತಿ ನಿಶ್ಶಬ್ದ ಬೇಡ, ಅದು ಸುಳ್ಳಾಗುತ್ತದೆ. ಮೋಟಾರಿನ ಸಣ್ಣ ಗುಂಯ್ ಸದ್ದು, ಟೈರಿನಡಿ ಒಣಗಿದ ಎಲೆ ಮುರಿದ ಚರ್ ಸದ್ದು, ಎರಡನ್ನೂ ನಿಜವಾದ ಗಾಡಿಯಿಂದಲೇ ರೆಕಾರ್ಡ್ ಮಾಡೋಣ. ವಾಯ್ಸ್ ಓವರ್ ಇಲ್ಲ, ಸಂಗೀತವೂ ಇಲ್ಲ.

ಕಟ್: ಟೇಲ್ ಲೈಟ್ ಜೀಬ್ರಾ ದಾಟಿದಾಗ. ಫ್ರೇಮ್ 5ರಲ್ಲಿ ಹೆಲ್ಮೆಟ್ ಗಾಜಿನ ಹಿಂದೆ ಅವಳ ಕಣ್ಣು.